ಕೈ ನೋಡಿಸುವಾಗ ನಕ್ಕ ವಿದ್ಯಾರ್ಥಿಗೆ: ಹಸ್ತಸಾಮುದ್ರಿಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಿಯ ವಿದ್ಯಾರ್ಥಿಗೆ ಆಶೀರ್ವಾದಗಳು.

ನಿಮ್ಮ ಸೋದರತ್ತೆಯವರೊಂದಿಗೆ ಬಂದಿದ್ದ ದಿನ ನೀವು ಕೇಳಿದ ಪ್ರಶ್ನೆಗಳಿಗೆ ಸಮಾಧಾನವಾಗಿ ಉತ್ತರಿಸುವಷ್ಟು ಹೊತ್ತು ನಮಗಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಬೇರೆಯವರು ಕಾಯುತ್ತಿದ್ದರು. ಹೆಚ್ಚು ಕಡಿಮೆ ಅವೇ ಪ್ರಶ್ನೆಗಳನ್ನು ನಿಮ್ಮ ವಯಸ್ಸಿನ ಇತರರೂ ಎದುರು ಕುಳಿತು ಕೇಳುತ್ತಾರೆ, ಕೆಲವರು ಮನೆಗೆ ಹೋಗಿ ಕಾಗದ ಬರೆದು ಕೇಳುತ್ತಾರೆ. ಆದ್ದರಿಂದ ಅವುಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು, ಸುಲಭವಾದವನ್ನು ಮೊದಲಿಗೂ ಕಠಿಣವಾದವನ್ನು ಕೊನೆಗೂ ಜೋಡಿಸಿ ಬರೆದಿದ್ದೇನೆ. ಅಂದು ತೆಗೆದ ನಿಮ್ಮ ಬಲ ಅಂಗೈಯ ಮಸಿ ಅಚ್ಚು ಬರೆಯುವಾಗ ನನ್ನ ಮುಂದಿತ್ತು. ಅದು ನಿಮ್ಮದಾದ್ದರಿಂದ ಈ ಕಾಗದದ ಜೊತೆಗೇ ಕಳುಹಿಸುತ್ತಿದ್ದೇನೆ.

## ಮೊದಲ ಪ್ರಶ್ನೆಗಳು

ಜೋಯಿಸರೇ, ನಾನು ನಕ್ಕಿದ್ದಕ್ಕೆ ನಿಮಗೆ ಬೇಜಾರಾಯ್ತಾ?

ಇಲ್ಲ. ಕೈ ಹಿಡಿದು ಕುಳಿತವರಲ್ಲಿ ನಗುವವರೂ ಇರುತ್ತಾರೆ, ಅಳುವವರೂ ಇರುತ್ತಾರೆ. ನನಗೆ ಕಷ್ಟವಾಗುವುದು ಮೂರನೆಯ ಬಗೆಯವರಿಂದ, ಅಂದರೆ ನಾನು ಏನು ಹೇಳಿದರೂ ತಲೆಯಾಡಿಸುವವರಿಂದ. ನಿಮ್ಮ ಅತ್ತೆಯವರು ಮುಜುಗರಪಟ್ಟು ನನ್ನ ಕ್ಷಮೆ ಕೇಳಿದರು; ಅದರ ಅಗತ್ಯವಿರಲಿಲ್ಲ ಎಂದು ಅವರಿಗೆ ತಿಳಿಸಿಬಿಡಿ.

ಕಿರುಬೆರಳಿನ ಕೆಳಗಿರೋದು ಹೃದಯ ರೇಖೆ ಅಲ್ವಾ? ಅದನ್ನ ತೋರಿಸಿ ಆಯುಷ್ಯ ರೇಖೆ ಅಂದ್ರಲ್ಲ?

ನೀವು ನಕ್ಕಿದ್ದು ಇಲ್ಲಿಯೇ. ನಕ್ಕಿದ್ದಕ್ಕೆ ಕಾರಣವೂ ಇತ್ತು, ಏಕೆಂದರೆ ಹೆಬ್ಬೆರಳಿನ ಬುಡವನ್ನು ಬಳಸಿ ಮಣಿಕಟ್ಟಿನ ಕಡೆಗೆ ಇಳಿಯುವ ಗೆರೆಯೇ ಆಯುಷ್ಯ ರೇಖೆ ಎಂದು ನೀವು ನೋಡಿದ ಪುಸ್ತಕಗಳಲ್ಲೆಲ್ಲ ಇರುತ್ತದೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ಸಿಗುವ ಕೈಪಿಡಿಯೂ ಮೊಬೈಲ್‌ನಲ್ಲಿ ಬರುವ ವಿಡಿಯೋಗಳೂ ಹೇಳುವುದು ಅದನ್ನೇ.

ಆದರೆ ನಮ್ಮ ಹಳೆಯ ಸಾಮುದ್ರಿಕದ ಕ್ರಮ ಬೇರೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಕಿರುಬೆರಳಿನ ಬುಡದಿಂದ ಹೊರಟು ತೋರುಬೆರಳು ಮತ್ತು ನಡುಬೆರಳುಗಳ ನಡುವಿನ ಸಂದಿಯವರೆಗೆ ಹೋಗುವ ರೇಖೆಯೇ ಪೂರ್ಣಾಯುಷ್ಯದ ಗುರುತೆಂದೂ, ಅದು ಎಷ್ಟು ಗಿಡ್ಡವಾಗಿರುತ್ತದೆಯೋ ಆಯುಷ್ಯವೂ ಅಷ್ಟು ಕಡಿಮೆಯೆಂದೂ ಬರೆದಿದ್ದಾನೆ. ಈ ಮಾತು ಸ್ತ್ರೀಲಕ್ಷಣ ಹೇಳುವ ಅಧ್ಯಾಯದಲ್ಲಿ ಬರುತ್ತದೆ. ಪರಂಪರೆ ಅದನ್ನು ಗಂಡಸರ ಕೈಗೂ ಹಚ್ಚಿಕೊಂಡಿದೆ. ಇದೇ ಪರಂಪರೆಯಲ್ಲಿ ಹೆಬ್ಬೆರಳನ್ನು ಬಳಸುವ ಗೆರೆಗೆ ಪಿತೃರೇಖೆ ಎಂದೂ, ಅಂಗೈಯ ನಡುವೆ ಅಡ್ಡಕ್ಕೆ ಹಾಯುವ ಗೆರೆಗೆ ಮಾತೃರೇಖೆ ಎಂದೂ ಹೆಸರು. ನೀವು ಬುದ್ಧಿ ರೇಖೆ ಎಂದು ಕರೆಯುವುದು ಈ ಎರಡನೆಯದನ್ನು.

ಹೃದಯ, ಬುದ್ಧಿ, ಆಯುಷ್ಯ ಎಂಬ ಈಗಿನ ಹಂಚಿಕೆ ಯುರೋಪಿನಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸ್‌ನಲ್ಲಿ ಈ ವಿದ್ಯೆಗೆ ಹೊಸ ಜೀವ ಬಂತು. ಅನಂತರ ಐರ್ಲೆಂಡ್ ಮೂಲದ ಕೀರೋ (1866–1936) ಅದನ್ನು ಲೋಕಪ್ರಸಿದ್ಧಗೊಳಿಸಿದ. ಈ ವಿದ್ಯೆಯನ್ನು ಭಾರತದಲ್ಲಿಯೇ ಕಲಿತೆನೆಂದು ಅವನು ಹೇಳಿಕೊಳ್ಳುತ್ತಿದ್ದ. ಹಾಗಿದ್ದೂ ಅವನ ಪುಸ್ತಕದಲ್ಲಿ ಆಯುಷ್ಯ ರೇಖೆ ಇರುವುದು ಹೆಬ್ಬೆರಳಿನ ಬದಿಯಲ್ಲಿ! ಅವನ ಪುಸ್ತಕಗಳು ನಮ್ಮ ಭಾಷೆಗಳಿಗೆ ಬಂದಮೇಲೆ ಇಲ್ಲಿನ ಬಹುಪಾಲು ಕೈ ನೋಡುವವರು ಹೆಸರುಗಳನ್ನು ಅವನಿಂದಲೂ ಫಲಗಳನ್ನು ನಮ್ಮ ಶ್ಲೋಕಗಳಿಂದಲೂ ತೆಗೆದುಕೊಂಡು ಕಲಸುಮೇಲೋಗರ ಮಾಡಿದರು. ನಾನು ತಂದೆಯವರಿಂದ ಕಲಿತದ್ದು ಹಳೆಯ ಕ್ರಮವನ್ನಾದ್ದರಿಂದ ನನ್ನ ಬೆರಳು ಕಿರುಬೆರಳಿನ ಕೆಳಗೆ ಹೋಯಿತು.

ನಿಮ್ಮ ನಗುವಿನೊಳಗೆ ನಿಜವಾದ ಪ್ರಶ್ನೆಯೊಂದಿತ್ತು. ಎರಡು ಪರಂಪರೆಗಳು ಒಂದೇ ಕೈಯಲ್ಲಿ ಆಯುಷ್ಯವನ್ನು ಎರಡು ಬೇರೆ ಗೆರೆಗಳಲ್ಲಿ ಓದಿದರೆ ಎರಡೂ ಸರಿಯಾಗಿರಲು ಹೇಗೆ ಸಾಧ್ಯ? ಸಾಧ್ಯವಿಲ್ಲ ಎಂಬುದೇ ನನ್ನ ಉತ್ತರ. ಎರಡೂ ತಪ್ಪಾಗಿರಲು ಸಾಧ್ಯ ಎಂಬುದನ್ನೂ ಅದರೊಂದಿಗೆ ಸೇರಿಸುತ್ತೇನೆ.

ಗಂಡಸರಿಗೆ ಬಲಗೈ, ಹೆಂಗಸರಿಗೆ ಎಡಗೈ ಅಂತ ಯಾಕೆ?

ನಮ್ಮಲ್ಲಿ ಪುರುಷನಿಗೆ ಬಲಭಾಗವನ್ನೂ ಸ್ತ್ರೀಗೆ ಎಡಭಾಗವನ್ನೂ ಪ್ರಧಾನವೆಂದು ಎಣಿಸುವ ಪದ್ಧತಿ ಇದೆ; ಕಣ್ಣು ಹಾರುವುದರ ಶಕುನದಲ್ಲಿಯೂ ಇದೇ ಲೆಕ್ಕ. ಹಸ್ತಸಾಮುದ್ರಿಕ ಅದನ್ನು ಹಾಗೆಯೇ ಉಳಿಸಿಕೊಂಡಿದೆ. ಪಾಶ್ಚಾತ್ಯರು ಎಡಗೈ ಹುಟ್ಟಿನಿಂದ ಬಂದದ್ದನ್ನೂ ಬಲಗೈ ನಾವು ಮಾಡಿಕೊಂಡದ್ದನ್ನೂ ತೋರಿಸುತ್ತದೆ ಎನ್ನುತ್ತಾರೆ. ಎರಡಕ್ಕೂ ದೇಹಶಾಸ್ತ್ರದ ಆಧಾರವಿಲ್ಲ. ನಾನು ಎರಡು ಕೈಗಳನ್ನೂ ನೋಡುತ್ತೇನೆ. ಅದಕ್ಕೆ ಕಾರಣವನ್ನು ಮುಂದೆ ಇನ್ನೊಂದು ಉತ್ತರದಲ್ಲಿ ಹೇಳಿದ್ದೇನೆ.

## ಗೆರೆಗಳ ಬಗ್ಗೆ

ಈ ಗೆರೆಗಳು ಮುಷ್ಟಿ ಹಿಡಿದು ಹಿಡಿದು ಆಗಿದ್ದಲ್ವಾ? ಹಣೆಬರಹ ಅಂತ ಯಾಕೆ ಹೇಳ್ತೀರಿ?

ಮಡಿಸಿ ಮಡಿಸಿ ಆದವು ಎಂಬುದು ಅರ್ಧ ಸತ್ಯ. ಚರ್ಮ ಒಳಗಿನ ಪದರಕ್ಕೆ ಬಿಗಿಯಾಗಿ ಅಂಟಿಕೊಂಡಿರುವ ಈ ಜಾಗಗಳಲ್ಲಿ ಕೈ ಮಡಚುವಾಗ ಅಂಗೈ ಉಬ್ಬಿ ಸುಕ್ಕಾಗದೆ ಗೆರೆಯುದ್ದಕ್ಕೂ ಒಪ್ಪವಾಗಿ ಮಡಚಿಕೊಳ್ಳುತ್ತದೆ. ಆದರೆ ಗೆರೆಗಳು ಮೂಡುವುದು ನೀವು ಏನನ್ನಾದರೂ ಹಿಡಿಯುವುದಕ್ಕೆ ಬಹಳ ಮುಂಚೆ, ತಾಯಿಯ ಗರ್ಭದಲ್ಲಿ. ಸುಮಾರು 7ನೆಯ ವಾರದಿಂದ 14ನೆಯ ವಾರದೊಳಗೆ ಮೂರು ಮುಖ್ಯ ಗೆರೆಗಳು ಕಾಣಿಸಿಕೊಳ್ಳುತ್ತವೆ; ಹೆಬ್ಬೆರಳಿನ ಬುಡದ್ದು ಎಲ್ಲಕ್ಕಿಂತ ಮೊದಲು. ಅವುಗಳ ಆಕಾರವನ್ನು ವಂಶಗುಣವೂ ಆ ವಾರಗಳಲ್ಲಿ ಕೈ ಬೆಳೆಯುವ ಬಗೆಯೂ ಸೇರಿ ನಿರ್ಧರಿಸುತ್ತವೆ.

ಈ ಮುಖ್ಯ ಗೆರೆಗಳು ಜೀವನಪೂರ್ತಿ ಹೆಚ್ಚು ಕಡಿಮೆ ಅಲ್ಲಿಯೇ ಇರುತ್ತವೆ. ಅವುಗಳ ಸುತ್ತ ಇರುವ ಕೂದಲೆಳೆಯಂಥ ಗೆರೆಗಳು ಮಾತ್ರ ಬರುತ್ತವೆ, ಹೋಗುತ್ತವೆ. ಚಳಿಗಾಲದಲ್ಲಿ ಚರ್ಮ ಒಣಗಿದಾಗ ಹೆಚ್ಚಾಗುತ್ತವೆ, ಮೈ ತುಂಬಿಕೊಂಡಾಗ ಮಾಸುತ್ತವೆ, ಪಾತ್ರೆ ತೊಳೆಯುವ ಕೈಯಲ್ಲಿ ಒಂದು ಬಗೆ, ಗುದ್ದಲಿ ಹಿಡಿಯುವ ಕೈಯಲ್ಲಿ ಇನ್ನೊಂದು ಬಗೆ. ಯಾರಾದರೂ ನಿಮಗೆ ‘ಪೂಜೆ ಮಾಡಿಸಿದ ಮೇಲೆ ನೋಡಿ, ಹೊಸ ರೇಖೆ ಮೂಡಿದೆ’ ಎಂದು ತೋರಿಸಿದರೆ ಅದು ಇಂಥದ್ದೊಂದು ಗೆರೆಯಾಗಿರುತ್ತದೆ. ಒಂದು ವಾರ ಕೊಬ್ಬರಿ ಎಣ್ಣೆ ಸವರಿದರೆ ಆ ರೇಖೆ ಮರೆಯಾಗುವ ಸಂಭವವೇ ಹೆಚ್ಚು.

ನನ್ನ ರೂಮ್‌ಮೇಟ್‌ಗೆ ಎರಡೇ ಗೆರೆ ಇದೆ. ಯಾರೋ ನೋಡಿ ಹೆದರಿಸಿದ್ದಾರೆ. ನಿಜಾನಾ?

ಹೃದಯ ಮತ್ತು ಬುದ್ಧಿ ರೇಖೆಗಳೆಂದು ಕರೆಯುವ ಎರಡು ಗೆರೆಗಳು ಕೂಡಿ ಅಂಗೈಯನ್ನು ಅಡ್ಡಲಾಗಿ ಒಂದೇ ಗೆರೆಯಾಗಿ ದಾಟುವ ಕೈಗಳಿರುತ್ತವೆ. ಕೈ ನೋಡುವವರಲ್ಲಿ ಕೆಲವರು ಇದನ್ನು ಕ್ರೂರಿಯ ಲಕ್ಷಣವೆಂದೂ ಇನ್ನು ಕೆಲವರು ಮಹಾ ಸಾಧಕನ ಲಕ್ಷಣವೆಂದೂ ಹೇಳುತ್ತಾರೆ. ಇಷ್ಟು ದೂರ ದೂರದ ಫಲಗಳು ಒಂದೇ ಗೆರೆಗೆ ಬಂದಾಗ ಎರಡನ್ನೂ ಬಿಡುವುದು ಕ್ಷೇಮ.

ವೈದ್ಯರೂ ಈ ಗೆರೆಯನ್ನು ಗಮನಿಸುತ್ತಾರೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಕೈಯಲ್ಲಿ ಇದು ಕಾಣುತ್ತದೆ. ಆದರೆ ಆರೋಗ್ಯವಂತರಲ್ಲಿಯೂ ನೂರಕ್ಕೆ ಒಬ್ಬರಿಂದ ನಾಲ್ವರವರೆಗೆ, ಒಂದು ಕೈಯಲ್ಲಾದರೂ ಇರುತ್ತದೆ. ಎಷ್ಟೋ ಮನೆಗಳಲ್ಲಿ ತಂದೆಯಿಂದ ಮಗನಿಗೆ ಬಂದಿರುತ್ತದೆ. ನವಜಾತ ಶಿಶುವಿನಲ್ಲಿ ಬೇರೆ ಲಕ್ಷಣಗಳ ಜೊತೆಗೆ ಕಂಡಾಗ ಮಾತ್ರ ವೈದ್ಯರು ಮುಂದಿನ ಪರೀಕ್ಷೆ ಮಾಡಿಸುತ್ತಾರೆ. ಕಾಲೇಜಿಗೆ ಬಂದು ಹಾಸ್ಟೆಲಿನಲ್ಲಿ ನಿಮ್ಮೊಂದಿಗೆ ಚೆನ್ನಾಗಿ ಓಡಾಡಿಕೊಂಡಿರುವ ಹುಡುಗನಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ.

ನನ್ನ ಕೈ ನೋಡಿ ಎಷ್ಟು ವರ್ಷ ಬದುಕ್ತೀನಿ ಅಂತ ನೀವು ಹೇಳಲೇ ಇಲ್ಲ. ಯಾಕೆ?

ಹೇಳದಿದ್ದುದಕ್ಕೆ ಕಾರಣವನ್ನು ನಿಮ್ಮ ಅಚ್ಚಿನ ಮೇಲೆಯೇ ತೋರಿಸುತ್ತೇನೆ. ಅಂದು ರಬ್ಬರ್ ಸ್ಟಾಂಪಿನ ಮಸಿಯನ್ನು ನಿಮ್ಮ ಅಂಗೈಗೆ ತೆಳುವಾಗಿ ಬಳಿದು, ಮಡಿಸಿದ ಟವೆಲ್ಲಿನ ಮೇಲಿಟ್ಟ ಹಾಳೆಯ ಮೇಲೆ ಒತ್ತಿಸಿದ್ದೆ. ಅಂಗೈಯ ನಡುವಿನ ಕುಳಿ ಗಟ್ಟಿ ಮೇಜಿಗೆ ತಾಗುವುದಿಲ್ಲವಾದ್ದರಿಂದ ಟವೆಲ್ ಬೇಕು. ಗೆರೆ ಇರುವಲ್ಲಿ ಮಸಿ ತಾಗದೆ ಬಿಳಿ ಪಟ್ಟಿ ಉಳಿಯುತ್ತದೆ, ಅದನ್ನು ದಾರವಿಟ್ಟು ಅಳೆಯಬಹುದು.

ಮೊದಲು ಹಳೆಯ ಕ್ರಮ. ನಿಮ್ಮ ಕೈಯಲ್ಲಿ ಕಿರುಬೆರಳಿನ ಕೆಳಗಿನ ಅಂಚಿನಿಂದ ತೋರುಬೆರಳಿನ ಸಂದಿಯವರೆಗಿನ ಪೂರ್ಣ ಹಾದಿ 75 ಮಿ.ಮೀ. ಇದನ್ನು ನೂರು ವರ್ಷವೆಂದು ಹಿಡಿಯಬೇಕು. ನಿಮ್ಮ ರೇಖೆ ನಡುಬೆರಳಿನ ಕೆಳಗೆ 60 ಮಿ.ಮೀ.ಗೆ ನಿಲ್ಲುತ್ತದೆ, ಆದ್ದರಿಂದ ಆಯುಷ್ಯ 80 ವರ್ಷ. ಈಗ ಕೈಪಿಡಿಯ ಕ್ರಮ. ಹೆಬ್ಬೆರಳನ್ನು ಬಳಸಿ ಮಣಿಕಟ್ಟಿನವರೆಗಿನ ಪೂರ್ಣ ಹಾದಿ 100 ಮಿ.ಮೀ. ಇದೆ, ಅದಕ್ಕೆ 80 ವರ್ಷ ಹಂಚೋಣ. ನಿಮ್ಮ ಗೆರೆ 55 ಮಿ.ಮೀ.ಗೆ ಮುಗಿಯುತ್ತದೆ, ಅಂದರೆ 44 ವರ್ಷ. ಒಂದೇ ಕೈ, ಒಂದೇ ಹಾಳೆ, ಒಂದೇ ದಾರ. ಉತ್ತರಗಳ ನಡುವೆ 36 ವರ್ಷಗಳ ಅಂತರ.

ಇನ್ನೊಂದು ತೊಡಕಿದೆ. 75 ಮಿ.ಮೀ.ಗೆ ನೂರು ವರ್ಷವಾದರೆ ಒಂದು ಮಿ.ಮೀ.ಗೆ ಹದಿನಾರು ತಿಂಗಳು. ಅಚ್ಚಿನಲ್ಲಿ ಆ ಬಿಳಿ ಪಟ್ಟಿಯ ದಪ್ಪವೇ ಹತ್ತಿರ ಹತ್ತಿರ ಒಂದು ಮಿ.ಮೀ. ಇದೆ, ಕೊನೆಯಲ್ಲಿ ಅದು ಎಲ್ಲಿ ಗೆರೆ, ಎಲ್ಲಿ ಸುಕ್ಕು ಎಂದು ತಿಳಿಯದಂತೆ ಕವಲೊಡೆಯುತ್ತದೆ. ಕೈಯನ್ನು ಸ್ವಲ್ಪ ಹೆಚ್ಚು ಒತ್ತಿದರೆ ಅಚ್ಚು ಎರಡು ಮೂರು ಮಿ.ಮೀ. ಹಿಗ್ಗುತ್ತದೆ. ಹೀಗಿರುವಾಗ ‘ಮುಂದಿನ ಮಾರ್ಗಶಿರದಲ್ಲಿ ಕಂಟಕ’ ಎನ್ನುವವರು ತಿಂಗಳನ್ನು ಎಲ್ಲಿಂದ ತರುತ್ತಾರೆ ಎಂಬುದನ್ನು ನೀವೇ ಕೇಳಿ ನೋಡಿ.

ಒಂದು ವಿಷಯವನ್ನು ನಿಮ್ಮ ಅತ್ತೆಯವರ ಎದುರು ಹೇಳುವುದು ಬೇಡವೆಂದು ಬಿಟ್ಟಿದ್ದೆ. ಕೈ ಚಾಚುವ ಮುನ್ನ ನೀವು ಹೆಬ್ಬೆರಳಿನ ಬುಡವನ್ನು ಪ್ಯಾಂಟಿಗೆ ಎರಡು ಬಾರಿ ಉಜ್ಜಿದಿರಿ. ಭೂತಗನ್ನಡಿಯಲ್ಲಿ ನೋಡಿದಾಗ ಆ ಗೆರೆ ಮುಗಿಯುವಲ್ಲಿಂದ ಮಣಿಕಟ್ಟಿನವರೆಗೆ ಚರ್ಮದ ಸಂದುಗಳಲ್ಲಿ ನೀಲಿ ಬಾಲ್‌ಪೆನ್ನಿನ ಮಸಿ ಉಳಿದಿತ್ತು. ಯಾರೋ ಗೆಳೆಯರು ತಮಾಷೆಗೆ ನಿಮ್ಮ ಆಯುಷ್ಯವನ್ನು ಪೆನ್ನಿನಿಂದ ಉದ್ದ ಮಾಡಿರಬೇಕು. ತಮಾಷೆ ಸರಿಯೇ, ಆದರೆ 44 ಎಂಬ ಸಂಖ್ಯೆ ನಿಮ್ಮ ಮನಸ್ಸಿನ ಯಾವುದೋ ಮೂಲೆಯಲ್ಲಿ ಕುಳಿತಿದ್ದರೆ ಮೇಲಿನ ಲೆಕ್ಕವನ್ನು ಇನ್ನೊಮ್ಮೆ ಓದಿ.

ಉದ್ದ ರೇಖೆ ಇದ್ದೋರು ಹೆಚ್ಚು ಬದುಕ್ತಾರೆ ಅಂತ ಡಾಕ್ಟರುಗಳೇ ಸಾಬೀತು ಮಾಡಿದಾರಂತಲ್ಲ?

ಇದನ್ನು ನನ್ನ ಪರವಾಗಿ ವಾದಿಸುವವರು ಕೇಳುತ್ತಾರೆ. 1990ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು 100 ಮೃತದೇಹಗಳ ಅಂಗೈಗಳನ್ನು ಅಳೆದು, ಹೆಬ್ಬೆರಳನ್ನು ಬಳಸುವ ಗೆರೆಯ ಉದ್ದಕ್ಕೂ ಸತ್ತಾಗಿನ ವಯಸ್ಸಿಗೂ ಸಂಬಂಧ ಕಾಣುತ್ತದೆ ಎಂದು ಪ್ರಕಟಿಸಿದ್ದು ನಿಜ. ಆದರೆ ಅವರು ಅಳೆದದ್ದು ಸತ್ತ ಮೇಲೆ. ವಯಸ್ಸಾದಂತೆ ಅಂಗೈಯ ಚರ್ಮ ಸಡಿಲವಾಗುತ್ತದೆ, ಗೆರೆಯ ತುದಿ ಸುಕ್ಕಿನೊಂದಿಗೆ ಸೇರಿ ಮುಂದಕ್ಕೆ ಹರಿಯುತ್ತದೆ. ಎಂಬತ್ತರ ಮುದುಕನ ಗೆರೆ ಮೂವತ್ತರ ಯುವಕನದಕ್ಕಿಂತ ಉದ್ದವಾಗಿರುವುದಕ್ಕೆ ಅಷ್ಟು ಸಾಕು. ಗೆರೆ ಉದ್ದವಿದ್ದುದರಿಂದ ಹೆಚ್ಚು ಬದುಕಿದರೋ, ಹೆಚ್ಚು ಬದುಕಿದ್ದರಿಂದ ಗೆರೆ ಉದ್ದವಾಯಿತೋ ಎಂಬುದನ್ನು ಆ ಅಳತೆ ಬೇರ್ಪಡಿಸಲಾರದು. ಇಪ್ಪತ್ತನೆಯ ವಯಸ್ಸಿನಲ್ಲಿ ಅಚ್ಚು ತೆಗೆದಿಟ್ಟು ಅರವತ್ತು ವರ್ಷ ಕಾದರೆ ಮಾತ್ರ ಅದು ತಿಳಿದೀತು.

## ಎದುರು ಕುಳಿತಾಗ ನಡೆಯುವುದರ ಬಗ್ಗೆ

ನಾನು ಒಂದು ಮಾತೂ ಹೇಳಿರಲಿಲ್ಲ. ಪಿಟೀಲು ಕಲೀತಿದೀನಿ ಅಂತ ನಿಮಗೆ ಹೇಗೆ ಗೊತ್ತಾಯ್ತು?

ನಿಮ್ಮ ಅತ್ತೆಯವರು ಬೆರಗಾದದ್ದು ಈ ಮಾತಿಗೆ. ‘ಸಂಗೀತ ಕೈಯಲ್ಲಿದೆ’ ಎಂದು ನಾನು ಹೇಳಿದೆ. ಅದು ಅಕ್ಷರಶಃ ಕೈಯಲ್ಲಿಯೇ ಇತ್ತು. ಎಡಗೈಯ ನಾಲ್ಕು ಬೆರಳುಗಳ ತುದಿಯ ಚರ್ಮ ಗಟ್ಟಿಯಾಗಿ ನುಣುಪಾಗಿತ್ತು, ತೋರುಬೆರಳಿನ ತುದಿಯಲ್ಲಿ ಸಣ್ಣದೊಂದು ತಗ್ಗಿತ್ತು. ಆ ಕೈಯ ಉಗುರುಗಳು ಬಲಗೈಯವಕ್ಕಿಂತ ಗಿಡ್ಡವಾಗಿದ್ದವು. ತಂತಿ ಒತ್ತುವವರ ಕೈಯಿದು. ಗಿಟಾರೋ ಪಿಟೀಲೋ ಎಂಬ ಸಂದೇಹವನ್ನು ದವಡೆಯ ಕೆಳಗೆ ಎಡಗಡೆ ಇದ್ದ ಕಂದು ಕಲೆ ಪರಿಹರಿಸಿತು. ನಮ್ಮ ಕಡೆ ನೆಲದ ಮೇಲೆ ಕುಳಿತು ವಾದ್ಯದ ತಲೆಯನ್ನು ಪಾದಕ್ಕೆ ಆನಿಸಿ ನುಡಿಸುವವರಿಗೆ ಈ ಕಲೆ ಬರುವುದಿಲ್ಲವಾದ್ದರಿಂದ ನೀವು ನಿಂತು ನುಡಿಸುವ ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿಯುತ್ತಿದ್ದೀರೆಂದೂ ಊಹಿಸಿದೆ. ಅದನ್ನು ಹೇಳಲಿಲ್ಲ, ಅಷ್ಟೆ.

ಎರಡು ಕೈಗಳನ್ನೂ ನೋಡುವುದು ಇದಕ್ಕಾಗಿ. ಗೆರೆಗಳು ಗರ್ಭದಲ್ಲಿ ಆಗಿಹೋದವು. ಚರ್ಮದಲ್ಲಿ ನಿನ್ನೆ ಮೊನ್ನೆಯದು ಇರುತ್ತದೆ. ನಡುಬೆರಳಿನ ಪಕ್ಕದ ಪೆನ್ನಿನ ಗಂಟು, ಈಚೆಗೆ ತೆಗೆದ ಉಂಗುರದ ಬಿಳಿ ಗುರುತು, ಕಚ್ಚಿದ ಉಗುರು, ಅಡಿಕೆ ಸುಲಿಯುವವರ ಹೆಬ್ಬೆರಳಿನ ಕಪ್ಪು ಕರೆ, ಕೈ ಕೊಡುವಾಗ ಬೆರಳುಗಳನ್ನು ಬಿಡಿಸುವುದೋ ಒಟ್ಟಿಗೆ ಹಿಡಿಯುವುದೋ ಎಂಬುದು ಎಲ್ಲವೂ ಓದಲು ಸಿಗುತ್ತವೆ. ಹಳಬರು ಇದನ್ನು ಶಾಸ್ತ್ರದೊಳಗೇ ಸೇರಿಸಿ ಕಲಿಸುತ್ತಿದ್ದರು. ಕೈಯ ಬಣ್ಣ, ಬಿಸುಪು, ಬೆವರು, ಗಡಸುತನ ನೋಡಿದ ಮೇಲೆಯೇ ರೇಖೆಗೆ ಹೋಗಬೇಕು ಎಂದು ತಂದೆಯವರು ಹೇಳುತ್ತಿದ್ದರು. ಈಗಿನವರು ಮೊದಲಿನದನ್ನು ಬಿಟ್ಟು ನೇರವಾಗಿ ರೇಖೆಗೆ ಹಾರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅವರು ಈ ವಿದ್ಯೆಯ ಗಟ್ಟಿ ಭಾಗವನ್ನೇ ಬಿಟ್ಟಿದ್ದಾರೆ.

‘ಚಿಕ್ಕಂದಿನಲ್ಲಿ ನೀರಿನ ಗಂಡಾಂತರ ಇತ್ತೇ’ ಅಂದ್ರಿ. ಇದು ಯಾರಿಗೆ ಹೇಳಿದ್ರೂ ಸರಿ ಹೋಗೋ ಮಾತಲ್ವಾ?

ಬಹುಮಟ್ಟಿಗೆ ಹೌದು. ಜಲಗಂಡಾಂತರ ನಮ್ಮ ಕಸುಬಿನಲ್ಲಿ ತಲೆಮಾರುಗಳಿಂದ ಬಂದ ಮಾತು. ಕೆರೆ, ಬಾವಿ, ಹೊಳೆ, ನೀರು ತುಂಬಿದ ಹಂಡೆ ಇಲ್ಲದ ಬಾಲ್ಯ ನಮ್ಮಲ್ಲಿ ಅಪರೂಪ. ನಾನು ಪ್ರಶ್ನೆಯಾಗಿ ಕೇಳಿದೆ. ನೀವು ‘ಇಲ್ಲ’ ಎಂದಿರಿ. ಆದರೆ ನಿಮ್ಮ ಅತ್ತೆಯವರು ಮೂರು ವರ್ಷದ ನಿಮ್ಮನ್ನು ಬಾವಿಕಟ್ಟೆಯಿಂದ ಎತ್ತಿಕೊಂಡು ಬಂದದ್ದನ್ನು ನೆನಪಿಸಿಕೊಂಡರು. ಅಲ್ಲಿಗೆ ಮಾತು ಫಲಿಸಿತು. ಘಟನೆಯನ್ನು ತಂದವರು ಅವರು, ಹೆಸರು ಬಂದದ್ದು ನನಗೆ.

ಇದನ್ನು 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ ತಮ್ಮ ತರಗತಿಯಲ್ಲಿ ಪರೀಕ್ಷಿಸಿದರು. 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ನಂತರ ಪ್ರತಿಯೊಬ್ಬರಿಗೂ ‘ಇದು ನಿನ್ನ ಸ್ವಭಾವ ಚಿತ್ರ’ ಎಂದು ಒಂದೊಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ ಎಂದು ಐದರಲ್ಲಿ ಅಂಕ ಕೊಡಲು ಹೇಳಿದಾಗ ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಅದರ ವಾಕ್ಯಗಳನ್ನು ಹೆಚ್ಚಾಗಿ ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯ ಪುಸ್ತಕದಿಂದ ಆರಿಸಲಾಗಿತ್ತು. ಹೊರಗೆ ಗಟ್ಟಿಗರಂತೆ ಕಂಡರೂ ಒಳಗೆ ಅಳುಕು ಇರುತ್ತದೆ ಎಂಬಂಥ ವಾಕ್ಯಗಳು ಅವು. ನಮ್ಮಲ್ಲಿ ‘ಎಷ್ಟು ಮಾಡಿದರೂ ನಿಮ್ಮ ಕೈಗೆ ಹೆಸರಿಲ್ಲ’ ಎನ್ನುತ್ತೇವೆ. ಈ ಮಾತಿಗೆ ತಲೆಯಾಡಿಸದ ಗೃಹಿಣಿಯನ್ನು ನಾನಿನ್ನೂ ನೋಡಬೇಕಷ್ಟೆ.

ಗಮನಿಸಬೇಕಾದ ವ್ಯತ್ಯಾಸ ಒಂದಿದೆ. ಪಿಟೀಲಿನ ಮಾತು ತಪ್ಪಾಗಲು ಅವಕಾಶವಿತ್ತು, ನಿಮ್ಮ ಪಕ್ಕದಲ್ಲಿ ಕುಳಿತವರಿಗೆ ಅದು ಸಲ್ಲುವುದಿಲ್ಲ. ನೀರಿನ ಮಾತು ತಪ್ಪಾಗಲು ಅವಕಾಶವೇ ಇಲ್ಲ. ಯಾವ ಜೋಯಿಸರ ಬಳಿ ಹೋದರೂ ಅವರ ಮಾತುಗಳನ್ನು ಈ ಎರಡು ಗುಂಪುಗಳಾಗಿ ವಿಂಗಡಿಸಿಕೊಂಡು ಎಣಿಸಿ.

ಕೈ ನೋಡಿ ಕಾಯಿಲೆ ಹೇಳ್ತಾರಲ್ಲ, ಅದಾದ್ರೂ ನಿಜಾನಾ?

ರೇಖೆಯಿಂದ ಅಲ್ಲ. ಆದರೆ ಕೈ ಕೆಲವು ಕಾಯಿಲೆಗಳನ್ನು ತೋರಿಸುತ್ತದೆ, ಅದು ವೈದ್ಯರಿಗೂ ತಿಳಿದಿರುವ ವಿಷಯ. ಬೆರಳ ತುದಿಗಳು ಉಬ್ಬಿ ಉಗುರು ಗೋಲವಾಗಿ ಬಾಗಿದ್ದರೆ ಶ್ವಾಸಕೋಶದ ಅಥವಾ ಹೃದಯದ ತೊಂದರೆ ಇರಬಹುದು. ಎರಡೂ ಕೈಗಳ ತೋರುಬೆರಳ ಉಗುರುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಡಿದರೆ ಸಾಮಾನ್ಯವಾಗಿ ನಡುವೆ ವಜ್ರಾಕಾರದ ಪುಟ್ಟ ಬೆಳಕಿಂಡಿ ಕಾಣುತ್ತದೆ. ಉಬ್ಬಿದ ಬೆರಳುಗಳಲ್ಲಿ ಅದು ಮುಚ್ಚಿಹೋಗುತ್ತದೆ. ಉಗುರು ಚಮಚದಂತೆ ತಗ್ಗಾಗಿದ್ದರೆ ಕಬ್ಬಿಣಾಂಶದ ಕೊರತೆಯ ಸಂಶಯ ಬರಬೇಕು. ಹೆಬ್ಬೆರಳಿನ ಬುಡದ ಮಾಂಸ, ನಾವು ಶುಕ್ರಪರ್ವತವೆನ್ನುವ ಜಾಗ, ಒಂದೇ ಕೈಯಲ್ಲಿ ಇಳಿದುಹೋಗಿದ್ದರೆ ಮಣಿಕಟ್ಟಿನ ನರ ಒತ್ತಿಕೊಂಡಿರಬಹುದು. ಹಳೆಯ ಫಲದಲ್ಲಿ ಅದಕ್ಕೆ ದಾಂಪತ್ಯಸುಖ ಕಡಿಮೆ ಎಂದಿದೆ!

ಇಂಥದ್ದು ಕಂಡರೆ ನಾನು ಫಲ ಹೇಳುವುದನ್ನು ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ ಎನ್ನುತ್ತೇನೆ, ಕಾಯಿಲೆಯ ಹೆಸರು ಹೇಳುವುದಿಲ್ಲ. ಹೇಳುವ ಯೋಗ್ಯತೆ ನನಗಿಲ್ಲ, ಅದೇ ಲಕ್ಷಣ ಕೆಲವು ವಂಶಗಳಲ್ಲಿ ಯಾವ ರೋಗವೂ ಇಲ್ಲದೆ ಇರುತ್ತದೆ. ಇಂತಿಷ್ಟು ರತ್ತಿಯ ಹರಳು ಧರಿಸಿ ಎಂದು ಕಳುಹಿಸುವವರು ಆ ವ್ಯಕ್ತಿಯ ತಿಂಗಳುಗಳನ್ನು ಹಾಳು ಮಾಡುತ್ತಾರೆ.

## ಕಠಿಣ ಪ್ರಶ್ನೆಗಳು

ಉಲ್ಟಾ ಹೇಳಿದ್ರೂ ಜನ ನಂಬ್ತಾರಂತೆ. ಹಾಗಾದ್ರೆ ರೇಖೆಗೆ ಏನು ಬೆಲೆ?

ನೀವು ಹೇಳುತ್ತಿರುವುದು ರೇ ಹೈಮನ್ ಅವರ ವಿಷಯ ಇರಬೇಕು. ಮುಂದೆ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಅವರು ಹದಿಹರೆಯದಲ್ಲಿ ಸಂಪಾದನೆಗಾಗಿ ಕೈ ನೋಡುತ್ತಿದ್ದರು. ಜನ ಒಪ್ಪುತ್ತಿದ್ದುದರಿಂದ ರೇಖೆಗಳಲ್ಲಿ ಸತ್ಯವಿದೆಯೆಂದೇ ನಂಬಿದ್ದರು. ಹಿರಿಯ ಜಾದೂಗಾರರೊಬ್ಬರ ಸಲಹೆಯಂತೆ ರೇಖೆ ಹೇಳುವುದಕ್ಕೆ ಸರಿಯಾಗಿ ವಿರುದ್ಧವಾದುದನ್ನು ಹೇಳಿ ನೋಡಿದರು. ಜನ ಅಷ್ಟೇ ಒಪ್ಪಿಕೊಂಡರು. ಅಲ್ಲಿಂದ ಅವರ ನಂಬಿಕೆ ಹೋಯಿತು.

ಇದಕ್ಕೆ ನನ್ನ ಬಳಿ ಎದುರುತ್ತರವಿಲ್ಲ. ‘ಜನ ಒಪ್ಪುತ್ತಾರೆ’ ಎಂಬುದು ಶಾಸ್ತ್ರಕ್ಕೆ ಸಾಕ್ಷಿಯಾಗಲಾರದು ಎಂಬುದನ್ನು ಇದು ಸ್ಪಷ್ಟವಾಗಿ ತೋರಿಸುತ್ತದೆ. ಸಾಕ್ಷಿ ಬೇಕಾದರೆ ವ್ಯಕ್ತಿಯನ್ನು ಎದುರಿನಿಂದ ಎಬ್ಬಿಸಿ ಅಚ್ಚನ್ನು ಮಾತ್ರ ಇಡಬೇಕು. ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ್ದ ವಿಚಾರವಾದಿ ಅಬ್ರಹಾಂ ಕೋವೂರ್ (1898–1978) ಇದನ್ನೇ ಕೇಳಿದರು. ಅವರ ಒಂದು ಲಕ್ಷ ರೂಪಾಯಿಯ ಪಂಥಾಹ್ವಾನದಲ್ಲಿ ಹಸ್ತಸಾಮುದ್ರಿಕರಿಗೂ ಜ್ಯೋತಿಷಿಗಳಿಗೂ ಒಂದು ಷರತ್ತಿತ್ತು: ಕೊಟ್ಟ ಅಂಗೈ ಅಚ್ಚುಗಳಲ್ಲಿ ಅಥವಾ ಜಾತಕಗಳಲ್ಲಿ ಯಾವುದು ಗಂಡಸಿನದು, ಯಾವುದು ಹೆಂಗಸಿನದು, ಯಾರು ಬದುಕಿದ್ದಾರೆ, ಯಾರು ಸತ್ತಿದ್ದಾರೆ ಎಂದು ಶೇಕಡಾ ಐದರ ತಪ್ಪಿನೊಳಗೆ ಹೇಳಬೇಕು. ಅವರು ತೀರಿಕೊಳ್ಳುವವರೆಗೂ ಆ ಹಣವನ್ನು ಯಾರೂ ಗೆಲ್ಲಲಿಲ್ಲ. ಆಯುಷ್ಯ ಹೇಳುತ್ತೇವೆನ್ನುವವರಿಗೆ ಇದಕ್ಕಿಂತ ನ್ಯಾಯವಾದ ಪರೀಕ್ಷೆ ನನಗೆ ತೋಚುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಕೈ ನೋಡಿ ದುಡ್ಡು ತಗೋತೀರಲ್ಲ, ಅದು ಮೋಸ ಅನ್ಸಲ್ವಾ?

ಈ ಪ್ರಶ್ನೆಯನ್ನು ನೀವು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ ಕೇಳಿದಿರಿ. ನನ್ನ ಎದುರು ಕುಳಿತುಕೊಳ್ಳುವವರಲ್ಲಿ ಹೆಚ್ಚಿನವರು ಆಯುಷ್ಯ ತಿಳಿಯಲು ಬರುವುದಿಲ್ಲ. ಜಮೀನು ಮಾರುವುದೋ ಬೇಡವೋ, ಮಗಳನ್ನು ದೂರದ ಊರಿಗೆ ಓದಲು ಕಳುಹಿಸುವುದೋ ಬೇಡವೋ ಎಂಬಂಥ, ಮನೆಯಲ್ಲಿ ಬಾಯಿಬಿಟ್ಟು ಆಡಲಾರದ ಮಾತನ್ನು ಹೊರಗಿನವನೊಬ್ಬನ ಎದುರು ಆಡಲು ಬರುತ್ತಾರೆ. ಹಿಡಿದ ಕೈ ಅದಕ್ಕೊಂದು ನೆಪ, ರೇಖೆಗಳು ಮಾತಿಗೊಂದು ಕ್ರಮ ಕೊಡುತ್ತವೆ. ಆ ಹೊತ್ತಿಗೆ, ಗಮನಕ್ಕೆ ನಾನು ದಕ್ಷಿಣೆ ತೆಗೆದುಕೊಳ್ಳುತ್ತೇನೆ. ಅವರು ಬೇರೆ ಏನನ್ನೋ ಕೊಂಡುಕೊಂಡೆವೆಂದು ತಿಳಿದು ಹೋಗುತ್ತಾರೆ ಎಂಬ ನಿಮ್ಮ ಆಕ್ಷೇಪಣೆ ಪೂರ್ತಿ ಕರಗುವುದಿಲ್ಲ, ಅದು ನನಗೆ ಗೊತ್ತು.

ಆದ್ದರಿಂದ ಕೆಲವು ಗೆರೆಗಳನ್ನು ನಾನೇ ಹಾಕಿಕೊಂಡಿದ್ದೇನೆ. ಸಾವಿನ ಕಾಲ ಹೇಳುವುದಿಲ್ಲ. ಗೊತ್ತಾದ ಸಂಬಂಧವನ್ನು ಕೈ ನೋಡಿ ಮುರಿಯಿರಿ ಎನ್ನುವುದಿಲ್ಲ. ಹರಳು, ಯಂತ್ರ, ಶಾಂತಿ ಯಾವುದನ್ನೂ ಮಾರುವುದಿಲ್ಲ. ಹೆದರಿಕೆ ಹುಟ್ಟಿಸಿದವನೇ ಪರಿಹಾರವನ್ನೂ ಮಾರುವಲ್ಲಿ ವಿದ್ಯೆ ಮುಗಿದು ವ್ಯಾಪಾರ ಶುರುವಾಗುತ್ತದೆ. ಸ್ವಭಾವದ ವಿಷಯದಲ್ಲಿ, ಕೈಯ ಬಿಗಿತ ಸಡಿಲಗಳಲ್ಲಿ, ಹೆಬ್ಬೆರಳು ನಿಲ್ಲುವ ರೀತಿಯಲ್ಲಿ ಏನೋ ಇದೆಯೆಂಬ ನಂಬಿಕೆ ನನಗೆ ಈಗಲೂ ಉಂಟು. ಅದು ನಂಬಿಕೆ, ಪರೀಕ್ಷೆಯಲ್ಲಿ ಗೆದ್ದು ಬಂದದ್ದಲ್ಲ.

ನಿಮ್ಮನ್ನೇ ಪರೀಕ್ಷೆ ಮಾಡಬೇಕು ಅಂದ್ರೆ ಹೇಗೆ ಮಾಡೋದು? ಒಪ್ಪಿಕೊಳ್ತೀರಾ?

ಒಪ್ಪುತ್ತೇನೆ. ಕ್ರಮವನ್ನೂ ಹೇಳುತ್ತೇನೆ, ಏಕೆಂದರೆ ಇಂಥ ಪರೀಕ್ಷೆಗಳು ಹೆಚ್ಚಾಗಿ ಸಣ್ಣ ಸೋರಿಕೆಗಳಿಂದ ಕೆಡುತ್ತವೆ.

ನಿಮ್ಮ ಹಾಸ್ಟೆಲಿನ ಹತ್ತು ಗೆಳೆಯರ ಬಲ ಅಂಗೈಗಳ ಅಚ್ಚು ತೆಗೆಯಿರಿ. ಎಲ್ಲರೂ ಹುಡುಗರು, ಎಲ್ಲರೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವರು, ನನಗೆ ಪರಿಚಯವಿಲ್ಲದವರು ಆಗಿರಲಿ. ಬೆರಳ ತುದಿಗಳು ಅಚ್ಚಿನಲ್ಲಿ ಬಾರದಂತೆ ಕಾಗದ ಮುಚ್ಚಿ. ತಂತಿ ಒತ್ತುವ ಬೆರಳೂ ಕಚ್ಚಿದ ಉಗುರೂ ನನಗೆ ಕಾಣಬಾರದು. ಹೆಸರಿನ ಬದಲು ಸಂಖ್ಯೆ ಹಾಕಿ. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಇದರಲ್ಲಿ ಭಾಗವಹಿಸದ ಒಬ್ಬರ ಬಳಿ ಇರಲಿ, ಅಂದರೆ ನಿಮ್ಮ ಬಳಿಯೂ ಬೇಡ. ನಾನು ಒಂದೊಂದು ಅಚ್ಚಿಗೂ ಹತ್ತು ಸಾಲಿನ ಸ್ವಭಾವ ವಿವರಣೆ ಬರೆಯುತ್ತೇನೆ. ಕೈಯ ಗಾತ್ರ, ಗಾಯದ ಗುರುತು ಇತ್ಯಾದಿ ಅದರಲ್ಲಿ ಬಂದಿದ್ದರೆ ಆ ಮೂರನೆಯವರು ಹೊಡೆದುಹಾಕಬೇಕು. ಅನಂತರ ಹತ್ತೂ ವಿವರಣೆಗಳನ್ನು ಪ್ರತಿಯೊಬ್ಬರಿಗೂ ಕೊಟ್ಟು, ತನ್ನದು ಯಾವುದೆಂದು ಬೇರೆಯವರೊಂದಿಗೆ ಮಾತಾಡದೆ ಒಂದನ್ನು ಆರಿಸಲು ಹೇಳಿ.

ಕಣ್ಣುಮುಚ್ಚಿ ಆರಿಸಿದರೂ ಹತ್ತರಲ್ಲಿ ಸರಾಸರಿ ಒಬ್ಬನಿಗೆ ತನ್ನದು ಸಿಗುತ್ತದೆ. ಇಬ್ಬರಿಗೆ ಸಿಕ್ಕರೂ ಅದಕ್ಕೆ ಬೆಲೆಯಿಲ್ಲ. ಮೂವರಿಗೆ ಸಿಗುವುದು ಅದೃಷ್ಟದಿಂದಲೂ ಆಗಾಗ ಆಗುತ್ತದೆ. ನಾಲ್ವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸರಿಯಾಗಿ ಆರಿಸುವುದು ಬರಿಯ ಆಕಸ್ಮಿಕದಿಂದ ನೂರು ಸಲದಲ್ಲಿ ಸುಮಾರು ಒಮ್ಮೆ ಮಾತ್ರ. ಹಾಗಾದರೆ ಬೇರೆ ಹತ್ತು ಜನರಲ್ಲಿ ಮತ್ತೊಮ್ಮೆ ಮಾಡಿ ನೋಡಬೇಕು. ಒಬ್ಬಿಬ್ಬರಿಗೇ ನಿಂತರೆ, ಅಚ್ಚಿನಿಂದ ಸ್ವಭಾವ ಓದಬಲ್ಲೆನೆಂಬ ನನ್ನ ನಂಬಿಕೆಯನ್ನು ನಾನು ಕೆಳಗಿಡಬೇಕಾಗುತ್ತದೆ. ಎಷ್ಟು ಬಂದರೆ ಗೆಲುವು, ಎಷ್ಟು ಬಂದರೆ ಸೋಲು ಎಂಬುದನ್ನು ಶುರುಮಾಡುವ ಮೊದಲೇ ಬರೆದು ಇಬ್ಬರೂ ಸಹಿ ಹಾಕೋಣ, ಆಮೇಲೆ ಲೆಕ್ಕ ಬದಲಿಸುವ ಆಸೆ ಇಬ್ಬರಿಗೂ ಬರುತ್ತದೆ.

ಅಚ್ಚುಗಳನ್ನು ಅಂಚೆಯಲ್ಲಿ ಕಳುಹಿಸಿದರೆ ಸಾಕು, ನೀವು ಬರಬೇಕಾಗಿಲ್ಲ. ಹಾಳೆ ಕಳುಹಿಸುವಾಗ ಮಸಿ ಪೂರ್ತಿ ಒಣಗಿದ ಮೇಲೆ ನಡುವೆ ಬಿಳಿ ಕಾಗದವಿಟ್ಟು ಮಡಿಸಿ, ಇಲ್ಲದಿದ್ದರೆ ಒಬ್ಬರ ರೇಖೆ ಇನ್ನೊಬ್ಬರ ಹಾಳೆಗೆ ಅಂಟಿಕೊಳ್ಳುತ್ತದೆ. ಇದಕ್ಕೆ ದಕ್ಷಿಣೆ ಬೇಡ.

ಇಂತಿ ನಿಮ್ಮ ಹಿತೈಷಿ,
ಕೈ ನೋಡಿದ ಜೋಯಿಸ